ಹಲ್ಲರ್ ಒಂದೇ, ಸವಕಳಿ ಲೆಕ್ಕ ಎರಡು

(ಚಿಕ್ಕಮಗಳೂರಿನಲ್ಲಿ ಸಣ್ಣ ಬೆಳೆಗಾರರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಮೂರು ಜನ ಬೆಳೆಗಾರರು ಸೇರಿ ಒಂದು ಕಾಫಿ ಹಲ್ಲರ್ ಹಾಕಿದರು ಅಂತ ಇಟ್ಟುಕೊಳ್ಳಿ. ತಮ್ಮ ಕಾಫಿಯ ಜೊತೆಗೆ ಸುತ್ತಮುತ್ತಲಿನವರ ಮೂಟೆಗಳನ್ನೂ ಬಾಡಿಗೆಗೆ ಹೊಡೆದುಕೊಡುತ್ತಾರೆ. ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬರು "ಮಗ ಬೆಂಗಳೂರಿಗೆ ಕರೀತಿದ್ದಾನೆ, ನನ್ನ ಪಾಲು ಕೊಟ್ಟುಬಿಡಿ" ಅಂದರು. ಯಂತ್ರ ಕಣ್ಣೆದುರಿಗೇ ಇದೆ, ಖರೀದಿ ಬಿಲ್ಲೂ ಇದೆ, ಯಾರೂ ಮೋಸ ಮಾಡಿಲ್ಲ. ಆದರೂ ಒಂದು ಲೆಕ್ಕದ ಪ್ರಕಾರ ಯಂತ್ರದಲ್ಲಿ ಅವರ ಪಾಲು 2,43,333 ರೂಪಾಯಿ, ಇನ್ನೊಂದು ಲೆಕ್ಕದ ಪ್ರಕಾರ 1,67,062. ಎಪ್ಪತ್ತಾರು ಸಾವಿರ ರೂಪಾಯಿ ವ್ಯತ್ಯಾಸ. ಎರಡೂ ಲೆಕ್ಕ ಸರಿಯೇ. ಇದು ಹೇಗೆ ಅನ್ನೋದೇ ಇವತ್ತಿನ ಮಾತು.

ಮೊದಲು ಯಂತ್ರಕ್ಕೆ ಎಷ್ಟು ಖರ್ಚಾಯಿತು ಅಂತ ನೋಡೋಣ, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. ಯಂತ್ರದ ಬೆಲೆ 9,20,000. ಅದನ್ನು ಲಾರಿಯಲ್ಲಿ ತಂದದ್ದು, ಕಾಂಕ್ರೀಟ್ ಕಟ್ಟೆ ಕಟ್ಟಿಸಿದ್ದು, ವೈರಿಂಗ್ ಮಾಡಿಸಿದ್ದು, ಫಿಟ್ಟರ್ ಬಂದು ಕೂರಿಸಿ ಓಡಿಸಿ ತೋರಿಸಿದ್ದು, ಎಲ್ಲ ಸೇರಿ ಇನ್ನೊಂದು 80,000. ಯಂತ್ರ ಕೆಲಸಕ್ಕೆ ಸಿದ್ಧವಾಗುವ ತನಕ ಆಗುವ ಇಂಥ ಖರ್ಚೆಲ್ಲ ಯಂತ್ರದ ಬೆಲೆಗೇ ಸೇರಬೇಕು. ಹಾಗಾಗಿ ನಮ್ಮ ಲೆಕ್ಕಕ್ಕೆ ಬೆಲೆ 10,00,000. ಜಿಎಸ್‌ಟಿ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ: ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆದಿದ್ದರೆ ಅದು ಬೆಲೆಗೆ ಸೇರೋದಿಲ್ಲ, ಪಡೆಯದೇ ಇದ್ದರೆ ಸೇರುತ್ತದೆ.

ಇನ್ನೆರಡು ಸಂಖ್ಯೆ ಬೇಕು, ಎರಡೂ ಅಂದಾಜು. ಹಲ್ಲರ್ ಎಷ್ಟು ವರ್ಷ ದುಡಿಯುತ್ತದೆ? ಹತ್ತು ವರ್ಷ ಅನ್ನೋಣ. ಆಮೇಲೆ ಮಾರಿದರೆ ಎಷ್ಟು ಬರಬಹುದು? ಒಂದು ಲಕ್ಷ ಅನ್ನೋಣ. ಹಾಗಾದರೆ ಹತ್ತು ವರ್ಷದಲ್ಲಿ ನಾವು ಖರ್ಚು, ಅಂದರೆ ಸವಕಳಿ, ಅಂತ ಬರೆಯಬೇಕಾದ್ದು 9,00,000. ಎರಡು ಪದ್ಧತಿಯಲ್ಲೂ ಈ ಮೊತ್ತ ಬದಲಾಗೋದಿಲ್ಲ. ಯಾವ ವರ್ಷದ ತಲೆಗೆ ಎಷ್ಟು ಅನ್ನೋದು ಮಾತ್ರ ಬದಲಾಗುತ್ತದೆ.

ಸ್ಟ್ರೈಟ್ ಲೈನ್ ಪದ್ಧತಿಯಲ್ಲಿ ಜಾಸ್ತಿ ಹೇಳೋಕೆ ಏನಿಲ್ಲ. ಒಂಬತ್ತು ಲಕ್ಷವನ್ನು ಹತ್ತರಿಂದ ಭಾಗಿಸಿ. ವರ್ಷಕ್ಕೆ 90,000, ಮೊದಲ ವರ್ಷವೂ ಅಷ್ಟೇ, ಕೊನೆಯ ವರ್ಷವೂ ಅಷ್ಟೇ. ಮೂರು ವರ್ಷ ಕಳೆದಾಗ 2,70,000 ಸವೆದಿದೆ, ಪುಸ್ತಕದಲ್ಲಿ 7,30,000 ಉಳಿದಿದೆ.

ರೆಡ್ಯೂಸಿಂಗ್ ಬ್ಯಾಲೆನ್ಸ್, ಆಡಿಟರ್‌ಗಳ ಬಾಯಲ್ಲಿ ಡಬ್ಲ್ಯುಡಿವಿ, ಸ್ವಲ್ಪ ಬೇರೆ. ಇಲ್ಲಿ ಶೇಕಡಾವಾರು ದರ ಪ್ರತಿ ವರ್ಷ ಒಂದೇ, ಆದರೆ ಆ ದರವನ್ನು ಹಾಕೋದು ಮೂಲ ಬೆಲೆಯ ಮೇಲಲ್ಲ, ಹಿಂದಿನ ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿದಿರುವ ಬೆಲೆಯ ಮೇಲೆ. ಉಳಿದದ್ದು ವರ್ಷ ವರ್ಷ ಕಡಿಮೆಯಾಗುವುದರಿಂದ ಸವಕಳಿಯೂ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ವರ್ಷದ ಹೊರೆ ದೊಡ್ಡದು, ಕೊನೆಯ ವರ್ಷದ್ದು ಚಿಕ್ಕದು.

ಆದರೆ ದರ ಎಷ್ಟು? ಕೂಟದಲ್ಲಿ ಈ ಪ್ರಶ್ನೆ ಕೇಳಿದಾಗ ಮುಂದಿನ ಸಾಲಿನಿಂದ ತಕ್ಷಣ ಉತ್ತರ ಬಂತು: "ಹತ್ತು ವರ್ಷ ಅಂದ್ರೆ ಹತ್ತು ಪರ್ಸೆಂಟ್, ಅಲ್ವಾ ಸರ್?" ಇದು ತೀರಾ ಸಹಜವಾದ ಉತ್ತರ, ತಪ್ಪು ಉತ್ತರವೂ ಹೌದು. ಹತ್ತು ಪರ್ಸೆಂಟ್ ಹಾಕಿ ನೋಡಿ. ಮೊದಲ ವರ್ಷ ಒಂದು ಲಕ್ಷ ಹೋಯಿತು, ಒಂಬತ್ತು ಲಕ್ಷ ಉಳಿಯಿತು. ಎರಡನೇ ವರ್ಷ ತೊಂಬತ್ತು ಸಾವಿರ ಹೋಯಿತು. ಹೀಗೇ ಹೋದರೆ ಹತ್ತು ವರ್ಷದ ಕೊನೆಗೆ ಪುಸ್ತಕದಲ್ಲಿ 3,48,678 ಉಳಿದಿರುತ್ತದೆ. ಅಂಗಳದಲ್ಲಿ ನಿಂತಿರೋದು ಒಂದು ಲಕ್ಷದ ಹಳೇ ಹಲ್ಲರ್. ಉಳಿದ ಎರಡೂವರೆ ಲಕ್ಷ ಯಾವ ವರ್ಷದ ಖರ್ಚಿಗೂ ಬಂದಿಲ್ಲ. ಅಂದರೆ ಹತ್ತು ವರ್ಷದಲ್ಲಿ ಒಟ್ಟಾರೆ ಅಷ್ಟು ಇಲ್ಲದ ಲಾಭ ತೋರಿಸಿಕೊಂಡು, ಅದನ್ನೇ ಹಂಚಿಕೊಂಡು ಬಂದಿದ್ದೀರಿ.

ಸರಿಯಾದ ದರವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಹತ್ತು ಸಲ ಒಂದೇ ದರದಲ್ಲಿ ಕಡಿದಾಗ ಹತ್ತು ಲಕ್ಷ ಸರಿಯಾಗಿ ಒಂದು ಲಕ್ಷಕ್ಕೆ ಬಂದು ನಿಲ್ಲಬೇಕು. ಅಂಥ ದರ ಯಾವುದು? C ಮೂಲ ಬೆಲೆ, S ಕೊನೆಗೆ ಉಳಿಯುವ ಬೆಲೆ, n ವರ್ಷ ಅಂತ ಇಟ್ಟುಕೊಂಡರೆ ಸೂತ್ರ ಹೀಗೆ:

```
rate = 1 - (S / C)^(1 / n)
```

ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಎಕ್ಸೆಲ್ ಇದ್ದರೆ ಒಂದು ಖಾಲಿ ಮನೆಯಲ್ಲಿ ಇದನ್ನು ಟೈಪ್ ಮಾಡಿ:

```
=1-(100000/1000000)^(1/10)
```

0.20567 ಅಂತ ಬರುತ್ತದೆ, ಅಂದರೆ 20.57 ಪರ್ಸೆಂಟ್. ನಾವು ಅಂದುಕೊಂಡ ಹತ್ತರ ದುಪ್ಪಟ್ಟಿಗಿಂತ ಜಾಸ್ತಿ! ಎಕ್ಸೆಲ್‌ನಲ್ಲಿ `DB` ಅನ್ನೋ ಸಿದ್ಧ ಸೂತ್ರವೂ ಇದೆ. ಆದರೆ ಅದು ದರವನ್ನು ಹತ್ತಿರದ ಮೂರು ದಶಾಂಶಕ್ಕೆ ತಂದು 0.206 ಮಾಡಿಕೊಳ್ಳುತ್ತದೆ, ಹಾಗಾಗಿ ನಿಮ್ಮ ಕೈಲೆಕ್ಕಕ್ಕೂ ಅದಕ್ಕೂ ಕೆಲವು ನೂರು ರೂಪಾಯಿ ಹೆಚ್ಚುಕಮ್ಮಿ ಕಂಡರೆ ಗಾಬರಿ ಆಗಬೇಡಿ.

ಈಗ ಹಲ್ಲರ್‌ಗೆ ಹಾಕಿ ನೋಡೋಣ. ಮೊದಲ ವರ್ಷ 2,05,672 ಸವಕಳಿ, ಉಳಿದದ್ದು 7,94,328. ಎರಡನೇ ವರ್ಷ ಆ ಉಳಿದದ್ದರ ಮೇಲೆ ಅದೇ ದರ: 1,63,371. ಮೂರನೇ ವರ್ಷ 1,29,770. ಮೂರೇ ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧ ಬೆಲೆ ಹೋಯಿತು, ಪುಸ್ತಕದಲ್ಲಿ ಉಳಿದದ್ದು 5,01,187. ನಾಲ್ಕನೇ ವರ್ಷವೂ ಸವಕಳಿ ಒಂದು ಲಕ್ಷದ ಮೇಲೇ ಇದೆ. ಐದನೇ ವರ್ಷ 81,879ಕ್ಕೆ ಇಳಿದು ಸ್ಟ್ರೈಟ್ ಲೈನಿನ ತೊಂಬತ್ತು ಸಾವಿರಕ್ಕಿಂತ ಕೆಳಗೆ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲ ಉಲ್ಟಾ. ಹತ್ತನೇ ವರ್ಷ ಬರೀ 25,893, ಕೊನೆಗೆ ಉಳಿಯೋದು ಸರಿಯಾಗಿ ಒಂದು ಲಕ್ಷ.

ಮೊದಲು ಹೇಳಿದ ಜಗಳ ಈಗ ಅರ್ಥವಾಯಿತಲ್ಲ. ಮೂರು ವರ್ಷದ ಕೊನೆಗೆ ಒಂದು ಪುಸ್ತಕದಲ್ಲಿ 7,30,000, ಇನ್ನೊಂದರಲ್ಲಿ 5,01,187. ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎಪ್ಪತ್ತಾರು ಸಾವಿರದ ಅಂತರ. ಇನ್ನೊಂದು ವರ್ಷ ಬಿಟ್ಟು ಹೊರಟಿದ್ದರೆ ಅಂತರ ಇನ್ನೂ ದೊಡ್ಡದಾಗುತ್ತಿತ್ತು, ಯಾಕೆಂದರೆ ನಾಲ್ಕನೇ ವರ್ಷದ ಕೊನೆಯಲ್ಲೇ ಎರಡೂ ಪುಸ್ತಕ ಅತಿ ದೂರ ಇರೋದು. ಆಮೇಲೆ ನಿಧಾನಕ್ಕೆ ಹತ್ತಿರ ಬಂದು ಹತ್ತನೇ ವರ್ಷಕ್ಕೆ ಒಂದೇ ಕಡೆ ಸೇರುತ್ತವೆ.

"ಹಾಗಾದ್ರೆ ಅವರಿಗೆ ಎಷ್ಟು ಕೊಡಬೇಕು ಸರ್?" ಅಂತ ಆಲ್ದೂರು ಕಡೆಯ ಒಬ್ಬರು ಕೇಳಿದರು. ನನ್ನ ಪ್ರಕಾರ ಎರಡರಲ್ಲಿ ಯಾವ ಸಂಖ್ಯೆಯನ್ನೂ ಸುಮ್ನೆ ಎತ್ತಿ ಕೊಡಬಾರದು. ಪುಸ್ತಕದಲ್ಲಿ ಉಳಿದ ಬೆಲೆ ಅಂದರೆ ಇನ್ನೂ ಖರ್ಚಿಗೆ ಬರೆಯದ ಹಳೇ ದುಡ್ಡು ಅಷ್ಟೇ, ಸಂತೆಯ ಬೆಲೆ ಅಲ್ಲ. ಪಾಲುದಾರ ಹೊರಗೆ ಹೋಗುವಾಗ ಯಂತ್ರಕ್ಕೆ ಅವತ್ತು ಎಷ್ಟು ಬೆಲೆ ಬರುತ್ತದೆ ಅಂತ ನೋಡಿಸಿ, ಪುಸ್ತಕವನ್ನು ಆ ಬೆಲೆಗೆ ತಂದು, ಆಮೇಲೆ ಪಾಲು ಮಾಡೋದು ಪಾಲುದಾರಿಕೆ ಲೆಕ್ಕದ ವಾಡಿಕೆ. ಪತ್ರ ಬರೆಯುವಾಗಲೇ ಈ ಒಂದು ಸಾಲು ಸೇರಿಸಿದರೆ ಆಮೇಲೆ ಪಂಚಾಯಿತಿ ಕೂರಿಸುವ ಕೆಲಸ ತಪ್ಪುತ್ತದೆ.

ಪುಸ್ತಕದ ಬೆಲೆಗೂ ಸಂತೆಯ ಬೆಲೆಗೂ ಸಂಬಂಧ ಇಲ್ಲ ಅಂದರೆ ಪದ್ಧತಿ ಯಾವುದಾದರೇನು ಅಂತ ಅನ್ನಿಸಬಹುದು. ಅದನ್ನೂ ನೋಡೋಣ. ನಾಲ್ಕು ವರ್ಷದ ಕೊನೆಗೆ ಮೂವರೂ ಸೇರಿ ಹಲ್ಲರನ್ನೇ ಮಾರಿದರು, 4,50,000 ಬಂತು ಅನ್ನಿ. ಸ್ಟ್ರೈಟ್ ಲೈನ್ ಪುಸ್ತಕದಲ್ಲಿ ಉಳಿದಿದ್ದು 6,40,000. ಹಾಗಾಗಿ 1,90,000 ನಷ್ಟ ಅಂತ ಬರೆಯಬೇಕು. ಡಬ್ಲ್ಯುಡಿವಿ ಪುಸ್ತಕದಲ್ಲಿ ಉಳಿದಿದ್ದು 3,98,107. ಅಲ್ಲಿ 51,893 ಲಾಭ! ಒಂದೇ ಯಂತ್ರ, ಒಂದೇ ಗಿರಾಕಿ, ಒಂದೇ ಚೆಕ್ಕು, ಒಬ್ಬರಿಗೆ ನಷ್ಟ ಇನ್ನೊಬ್ಬರಿಗೆ ಲಾಭ. ಈಗ ನಾಲ್ಕು ವರ್ಷದ ಸವಕಳಿಯನ್ನೂ ಕೂಡಿಸಿ. ಮೊದಲನೆಯವರು 3,60,000 ಸವಕಳಿ ಬರೆದಿದ್ದರು, ಮೇಲೆ 1,90,000 ನಷ್ಟ, ಒಟ್ಟು 5,50,000. ಎರಡನೆಯವರು 6,01,893 ಬರೆದಿದ್ದರು, ಅದರಲ್ಲಿ 51,893 ವಾಪಸ್ ಬಂತು, ಒಟ್ಟು 5,50,000. ಹತ್ತು ಲಕ್ಷ ಕೊಟ್ಟು ನಾಲ್ಕೂವರೆ ಲಕ್ಷಕ್ಕೆ ಮಾರಿದರೆ ಯಂತ್ರಕ್ಕೆ ಹೋದದ್ದು ಐದೂವರೆ ಲಕ್ಷ, ಯಾವ ಪದ್ಧತಿಗೂ ಅದನ್ನು ಬದಲಾಯಿಸಲು ಆಗೋದಿಲ್ಲ. ಮಾರಿದಾಗ ಬರುವ ಈ ಲಾಭ ನಷ್ಟ ಎಲ್ಲ ನಮ್ಮ ಹಿಂದಿನ ಅಂದಾಜಿನ ತಿದ್ದುಪಡಿ. "ಮಿಷನ್ ಮಾರಿ ಐವತ್ತು ಸಾವಿರ ಲಾಭ ಮಾಡಿದೆ" ಅಂತ ಯಾರಾದರೂ ಹೇಳಿದರೆ, ಯಾವ ಪದ್ಧತಿಯಲ್ಲಿ ಅಂತ ಕೇಳಿ.

ಆದರೂ ಪದ್ಧತಿ ಮುಖ್ಯವಾಗುವ ಒಂದು ಜಾಗ ಇದೆ, ಬಾಡಿಗೆ ದರ. ಸೀಸನ್ನಿಗೆ ಆರು ಸಾವಿರ ಮೂಟೆ ಹೊಡೆಯುತ್ತದೆ ಅನ್ನೋಣ. ಸ್ಟ್ರೈಟ್ ಲೈನ್ ಪ್ರಕಾರ ಮೂಟೆಗೆ 15 ರೂಪಾಯಿ ಸವಕಳಿ. ಡಬ್ಲ್ಯುಡಿವಿ ಪ್ರಕಾರ ಮೊದಲ ವರ್ಷ ಮೂಟೆಗೆ 34 ರೂಪಾಯಿ, ಹತ್ತನೇ ವರ್ಷ ನಾಲ್ಕು ರೂಪಾಯಿ ಚಿಲ್ಲರೆ. ಆ ಲೆಕ್ಕ ನೋಡಿ ಬಾಡಿಗೆ ಇಟ್ಟರೆ ಮೊದಲ ವರ್ಷ ಯಾರೂ ಮೂಟೆ ತರೋದಿಲ್ಲ. ಹತ್ತನೇ ವರ್ಷ ಎಲ್ಲರೂ ತರುತ್ತಾರೆ, ಆದರೆ ಹೊಸ ಹಲ್ಲರ್‌ಗೆ ಏನೂ ಉಳಿಯೋದಿಲ್ಲ. ಬಾಡಿಗೆ ನಿಗದಿಗೆ ಸ್ಟ್ರೈಟ್ ಲೈನ್ ನೋಡಿ. ಅಥವಾ ಅದಕ್ಕಿಂತ ಒಳ್ಳೆಯದು, ಯಂತ್ರದ ಆಯುಷ್ಯದಲ್ಲಿ ಒಟ್ಟು ಎಷ್ಟು ಮೂಟೆ ಹೊಡೆಯಬಹುದು ಅಂತ ಅಂದಾಜು ಮಾಡಿ ಮೂಟೆಗಿಷ್ಟು ಅಂತ ಹಾಕಿ.

ಡಬ್ಲ್ಯುಡಿವಿ ಪರವಾಗಿ ಪಠ್ಯಪುಸ್ತಕಗಳು ಹೇಳುವ ವಾದವೊಂದಿದೆ. ಹೊಸ ಯಂತ್ರಕ್ಕೆ ರಿಪೇರಿ ಕಡಿಮೆ, ಹಳೆಯದಕ್ಕೆ ಜಾಸ್ತಿ. ಸವಕಳಿ ಇಳಿಯುತ್ತಾ, ರಿಪೇರಿ ಏರುತ್ತಾ ಹೋದರೆ ಎರಡೂ ಸೇರಿ ಪ್ರತಿ ವರ್ಷ ಸಮನಾಗುತ್ತದೆ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ನಮ್ಮ ಹಲ್ಲರ್‌ಗೆ ಮೊದಲ ವರ್ಷ ಬೆಲ್ಟು ಗ್ರೀಸು ಅಂತ ಹತ್ತು ಸಾವಿರ, ಎಂಟನೇ ವರ್ಷ ಬೇರಿಂಗು ಜರಡಿ ಮೋಟಾರ್ ವೈಂಡಿಂಗ್ ಅಂತ ಎಂಬತ್ತು ಸಾವಿರ ಹಾಕಿ ನೋಡಿ. ಸ್ಟ್ರೈಟ್ ಲೈನಿನಲ್ಲಿ ಒಟ್ಟು ಹೊರೆ ಒಂದು ಲಕ್ಷದಿಂದ 1,70,000ಕ್ಕೆ ಏರುತ್ತದೆ. ಡಬ್ಲ್ಯುಡಿವಿಯಲ್ಲಿ 2,15,672ರಿಂದ 1,21,037ಕ್ಕೆ ಇಳಿಯುತ್ತದೆ. ಸಮ ಎಲ್ಲಿ ಬಂತು? ಒಂದು ಕಡೆ ವಾಲಿದ್ದು ಇನ್ನೊಂದು ಕಡೆ ವಾಲಿತು ಅಷ್ಟೇ. ಸಮವಾಗಬೇಕಾದರೆ ರಿಪೇರಿ ಖರ್ಚು ಇದಕ್ಕಿಂತ ತುಂಬಾ ಜೋರಾಗಿ ಏರಬೇಕು. ಹಾಗಾಗಿ ಈ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಡಬ್ಲ್ಯುಡಿವಿ ನಿಜಕ್ಕೂ ಹೊಂದೋದು ಬೇಗ ಹಳತಾಗುವ ವಸ್ತುಗಳಿಗೆ, ಉದಾಹರಣೆಗೆ ಕಂಪ್ಯೂಟರ್, ಕ್ಯಾಮೆರಾ ಇಟ್ಟು ಬೀಜ ಆರಿಸುವ ಕಲರ್ ಸಾರ್ಟರ್. ಅವು ಸವೆಯುವ ಮೊದಲೇ ಹೊಸ ಮಾಡೆಲ್ ಬಂದಿರುತ್ತದೆ. ಕಬ್ಬಿಣದ ಹಲ್ಲರ್ ಮೂರನೇ ವರ್ಷದಲ್ಲೂ ಮೊದಲ ವರ್ಷದಷ್ಟೇ ಮೂಟೆ ಹೊಡೆಯುತ್ತದೆ, ಅದಕ್ಕೆ ಸಮ ಕಂತೇ ಸರಿ ಅಂತ ನನ್ನ ಅಭಿಪ್ರಾಯ.

ಡಬ್ಲ್ಯುಡಿವಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದು ಕೊನೆಗೆ ಉಳಿಯುವ ಬೆಲೆಯ ಅಂದಾಜು. ಒಂದು ಲಕ್ಷದ ಬದಲು ಐವತ್ತು ಸಾವಿರ ಅಂತ ಹಿಡಿದರೆ ಸ್ಟ್ರೈಟ್ ಲೈನಿನಲ್ಲಿ ವರ್ಷದ ಸವಕಳಿ ತೊಂಬತ್ತರಿಂದ ತೊಂಬತ್ತೈದು ಸಾವಿರ ಆಗುತ್ತದೆ, ಅಷ್ಟೇ. ಡಬ್ಲ್ಯುಡಿವಿ ದರ 20.57ರಿಂದ 25.89ಕ್ಕೆ ಹಾರುತ್ತದೆ, ಮೊದಲ ವರ್ಷವೊಂದಕ್ಕೇ ಐವತ್ಮೂರು ಸಾವಿರ ಹೆಚ್ಚು. "ಗುಜರಿಗೆ ಏನೂ ಬರಲ್ಲ, ಪುಸ್ತಕದಲ್ಲಿ ನೆನಪಿಗೆ ಒಂದು ರೂಪಾಯಿ ಇಡಿ" ಅಂತ ಕೆಲವರು ಹೇಳುತ್ತಾರೆ. ಆ ಒಂದು ರೂಪಾಯಿಯನ್ನು ಸೂತ್ರಕ್ಕೆ ಹಾಕಿದರೆ ದರ 74.88 ಪರ್ಸೆಂಟ್ ಬರುತ್ತದೆ! ಸೊನ್ನೆ ಹಾಕಿದರೆ ನೂರು ಪರ್ಸೆಂಟ್, ಅಂದರೆ ಮೊದಲ ವರ್ಷವೇ ಎಲ್ಲ ಖಲಾಸ್. ಏನೂ ಬರೋದಿಲ್ಲ ಅನ್ನೋ ಯಂತ್ರಕ್ಕೆ ಈ ಸೂತ್ರ ನಡೆಯೋದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಎಡವಟ್ಟು: ಸ್ಟ್ರೈಟ್ ಲೈನಿನ ಅಭ್ಯಾಸದಲ್ಲಿ ಒಂದು ಲಕ್ಷ ಮೊದಲೇ ಕಳೆದು, ಒಂಬತ್ತು ಲಕ್ಷದ ಮೇಲೆ 20.57 ಪರ್ಸೆಂಟ್ ಹಾಕೋದು. ಉಳಿಯುವ ಬೆಲೆ ದರದ ಒಳಗೇ ಕೂತಿದೆ, ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗೆ. ಹತ್ತು ವರ್ಷಕ್ಕೆ ಪುಸ್ತಕದಲ್ಲಿ ಒಂದು ಲಕ್ಷದ ಬದಲು 1,90,000 ನಿಲ್ಲುತ್ತದೆ. ಪತ್ತೆ ಮಾಡೋದು ಸುಲಭ, ಕೊನೆಯ ವರ್ಷದವರೆಗೂ ಓಡಿಸಿ ನೋಡಿ. ಕೊನೆಯ ಸಂಖ್ಯೆ ನಿಮ್ಮ ಅಂದಾಜಿಗೆ ಬಂದು ಸೇರದಿದ್ದರೆ ಮಧ್ಯೆ ಎಲ್ಲೋ ತಪ್ಪಿದೆ.

ಇಲ್ಲಿ ಒಬ್ಬರು ಹಿರಿಯರು ಎದ್ದು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಹಲ್ಲರ್ ಓಡೋದು ಸೀಸನ್ನಿನಲ್ಲಿ ಮಾತ್ರ. ಮಳೆಗಾಲ ಪೂರ್ತಿ ಟಾರ್ಪಾಲ್ ಹೊದ್ದುಕೊಂಡು ಕೂತಿರುತ್ತೆ. ಆಗಲೂ ಸವಕಳಿಯೇನ್ರೀ?" ಹೌದು, ಆಗಲೂ. ಈ ಎರಡೂ ಪದ್ಧತಿ ಕಾಲದ ಮೇಲೆ ನಿಂತಿವೆ, ಯಂತ್ರ ಸುಮ್ನೆ ಕೂತಿದೆ ಅಂತ ಲೆಕ್ಕ ನಿಲ್ಲೋದಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಕೂತ ಕಬ್ಬಿಣ ಓಡುವ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ ಅನ್ನೋದು ನಿಮಗೇ ಗೊತ್ತು. ಓಡಿದಷ್ಟಕ್ಕೆ ಮಾತ್ರ ಸವಕಳಿ ಬೇಕು ಅಂದರೆ ಆಗಲೇ ಹೇಳಿದ ಮೂಟೆ ಲೆಕ್ಕದ ಪದ್ಧತಿಗೆ ಹೋಗಬೇಕು.

ತೆರಿಗೆಯದ್ದು ಬೇರೆ ಲೋಕ. ಬಾಡಿಗೆ ಹಲ್ಲಿಂಗ್ ವ್ಯಾಪಾರದ ಆದಾಯ, ಅದಕ್ಕೆ ಆದಾಯ ತೆರಿಗೆಯ ದರವೇ ಹಾಕಬೇಕು. ಸಾಮಾನ್ಯ ಯಂತ್ರಗಳಿಗೆ ಅದು 15 ಪರ್ಸೆಂಟ್, ಅದೂ ಡಬ್ಲ್ಯುಡಿವಿ. ನಿಮ್ಮ ಯಂತ್ರ ಹತ್ತು ವರ್ಷ ಬರುತ್ತದೋ ಇಪ್ಪತ್ತು ಬರುತ್ತದೋ ಅಂತ ಅಲ್ಲಿ ಯಾರೂ ಕೇಳೋದಿಲ್ಲ. ಕೊಂಡ ವರ್ಷ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಅರ್ಧ ದರ ಮಾತ್ರ. ನಮ್ಮ ಕಡೆ ಇದು ಹೆಚ್ಚಿನವರಿಗೆ ತಾಗುತ್ತದೆ. ಡಿಸೆಂಬರಿನಲ್ಲಿ ಹೊಸ ಹಲ್ಲರ್ ಚಾಲೂ ಮಾಡಿದರೆ ಮಾರ್ಚ್ 31ಕ್ಕೆ ನಾಲ್ಕು ತಿಂಗಳೂ ಸರಿಯಾಗಿ ಆಗಿರೋದಿಲ್ಲ. ಹಾಗಾಗಿ ಮೊದಲ ವರ್ಷ 75,000, ಮುಂದಿನ ವರ್ಷ ಉಳಿದ 9,25,000ದ ಮೇಲೆ ಪೂರ್ತಿ 15 ಪರ್ಸೆಂಟ್, ಅಂದರೆ 1,38,750. ಹತ್ತು ವರ್ಷಕ್ಕೆ ತೆರಿಗೆ ಲೆಕ್ಕದಲ್ಲಿ ಇನ್ನೂ ಸುಮಾರು 2,14,000 ಉಳಿದಿರುತ್ತದೆ. ಜೊತೆಗೆ ಅಲ್ಲಿ ಒಂದೊಂದು ಯಂತ್ರಕ್ಕೆ ಬೇರೆ ಬೇರೆ ಲೆಕ್ಕ ಇಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದೇ ಗುಂಪು. ಒಂದನ್ನು ಮಾರಿದರೆ ಬಂದ ಹಣವನ್ನು ಗುಂಪಿನ ಮೊತ್ತದಿಂದ ಕಳೆಯುತ್ತಾರೆ. ಗುಂಪಿನಲ್ಲಿ ಯಂತ್ರವೂ ಮೊತ್ತವೂ ಉಳಿದಿರುವ ತನಕ ಆ ಮಾರಾಟಕ್ಕೆ ಬೇರೆ ಲಾಭ ನಷ್ಟ ಹುಟ್ಟೋದಿಲ್ಲ.

ತುಂಬಾ ಸಣ್ಣ ಘಟಕಗಳು ತೆರಿಗೆಯ ಈ 15 ಪರ್ಸೆಂಟನ್ನೇ ತಮ್ಮ ಪುಸ್ತಕಕ್ಕೂ ಹಾಕಿಕೊಳ್ಳುತ್ತವೆ. ಆಡಿಟರ್‌ಗೂ ಕೆಲಸ ಕಡಿಮೆ. ತಪ್ಪೇನಿಲ್ಲ, ಆದರೆ ಅದು ಸರ್ಕಾರ ಕೊಟ್ಟ ದರ, ನಿಮ್ಮ ಯಂತ್ರದ ಆಯುಷ್ಯ ನೋಡಿ ಹುಟ್ಟಿದ್ದಲ್ಲ. ಬಾಡಿಗೆ ಎಷ್ಟು ಇಡಬೇಕು, ಪಾಲು ಎಷ್ಟು ಕೊಡಬೇಕು ಅನ್ನೋ ಪ್ರಶ್ನೆಗೆ ಅದರಿಂದ ಉತ್ತರ ಹುಡುಕಬೇಡಿ.

ಕೊನೆಯ ಪ್ರಶ್ನೆ ಸಕಲೇಶಪುರದಿಂದ ಬಂದಿದ್ದ ಒಬ್ಬ ಯುವಕನದ್ದು. ಈಗಾಗಲೇ ನಾಲ್ಕು ವರ್ಷ ಡಬ್ಲ್ಯುಡಿವಿ ಹಾಕಿಬಿಟ್ಟಿದ್ದೇವೆ, ಸ್ಟ್ರೈಟ್ ಲೈನಿಗೆ ಬರಬಹುದಾ, ಬಂದರೆ ಹಳೇದನ್ನೆಲ್ಲ ತಿದ್ದಬೇಕಾ? ನಿಮ್ಮ ಸ್ವಂತ ಪುಸ್ತಕದಲ್ಲಿ ಬರಬಹುದು, ತೆರಿಗೆ ಲೆಕ್ಕದಲ್ಲಿ ಅಲ್ಲ. ಹಿಂದೆ ಲೆಕ್ಕದ ನಿಯಮ ಬೇರೆ ಇತ್ತು, ಪದ್ಧತಿ ಬದಲಾಯಿಸಿದರೆ ಕೊಂಡ ದಿನದಿಂದ ಮತ್ತೆ ಲೆಕ್ಕ ಹಾಕಿ ವ್ಯತ್ಯಾಸ ಬರೆಯಬೇಕಿತ್ತು. ಈಗಿನ ನಿಯಮದಲ್ಲಿ ಅದನ್ನು ಅಂದಾಜಿನ ಬದಲಾವಣೆ ಅಂತ ನೋಡುತ್ತಾರೆ, ಹಳೇ ವರ್ಷಗಳನ್ನು ಮುಟ್ಟುವ ಹಾಗಿಲ್ಲ. ಪುಸ್ತಕದಲ್ಲಿ ಉಳಿದ 3,98,107ರಲ್ಲಿ ಒಂದು ಲಕ್ಷ ಕಳೆಯಿರಿ, ಉಳಿದ 2,98,107ನ್ನು ಇನ್ನಿರುವ ಆರು ವರ್ಷಕ್ಕೆ ಹಂಚಿ. ವರ್ಷಕ್ಕೆ ಸುಮಾರು 49,685. ಆದರೆ ಬದಲಾವಣೆಗೆ ಕಾರಣ ಇರಬೇಕು, ಯಂತ್ರದ ಬಳಕೆ ನಾವು ಮೊದಲು ಅಂದುಕೊಂಡ ಹಾಗಿಲ್ಲ ಅನ್ನೋ ಥರದ್ದು. ಈ ವರ್ಷ ಬ್ಯಾಂಕಿಗೆ ಲಾಭ ಜಾಸ್ತಿ ತೋರಿಸಬೇಕಿದೆ ಅನ್ನೋದು ಕಾರಣ ಅಲ್ಲ, ಮತ್ತು ನಾಲ್ಕನೇ ವರ್ಷ 1,03,080 ಇದ್ದ ಸವಕಳಿ ಐದನೇ ವರ್ಷ ಅರ್ಧಕ್ಕೂ ಕೆಳಗೆ ಇಳಿದದ್ದನ್ನು ನೋಡಿದ ಬ್ಯಾಂಕಿನವರು ಮೊದಲು ಕೇಳೋದೂ ಅದನ್ನೇ.